ಘೋಷಣೆಯ ಬೆಲೆ, ಕೈಸೇರುವ ಬೆಲೆ: ತೊಗರಿಯ ಲೆಕ್ಕದಲ್ಲಿ ಎಂಎಸ್‌ಪಿ

ಪ್ರತಿ ವರ್ಷ ಮುಂಗಾರು ಬಿತ್ತನೆಯ ಹೊತ್ತಿಗೆ ಪತ್ರಿಕೆಗಳಲ್ಲಿ ಒಂದು ಪಟ್ಟಿ ಬರುತ್ತದೆ. ಭತ್ತಕ್ಕೆ ಇಷ್ಟು, ರಾಗಿಗೆ ಇಷ್ಟು, ತೊಗರಿಗೆ ಇಷ್ಟು. 2025-26ರ ಪಟ್ಟಿಯಲ್ಲಿ ತೊಗರಿಗೆ ಕ್ವಿಂಟಲ್‌ಗೆ 8,000 ರೂಪಾಯಿ ಇತ್ತು. ಹಿಂದಿನ ವರ್ಷಕ್ಕಿಂತ 450 ಹೆಚ್ಚು. ಓದಿದವರಿಗೆ ಇನ್ನು ತೊಗರಿ ಬೆಳೆದವರಿಗೆಲ್ಲ 8,000 ಸಿಗುತ್ತದೆ ಎಂಬ ಭಾವನೆ ಬರುವುದು ಸಹಜ. ಅದೇ ತೊಗರಿ ರಾಶಿಯಾಗಿ ಮಾರುಕಟ್ಟೆಗೆ ಬಂದಾಗ ಅದೇ ಪತ್ರಿಕೆ ‘ಬೆಂಬಲ ಬೆಲೆಗಿಂತ ಕೆಳಗೆ ಕುಸಿದ ತೊಗರಿ’ ಎಂದು ಬರೆಯುತ್ತದೆ. ಎರಡೂ ಸುದ್ದಿ ನಿಜ. ನಡುವೆ ಇರುವುದು ಒಂದೇ ಪ್ರಶ್ನೆ: ಆ ಬೆಲೆಗೆ ಕೊಳ್ಳುವವರು ಯಾರು, ಯಾವಾಗ, ಎಷ್ಟು?

ಈ ವ್ಯವಸ್ಥೆ ಹುಟ್ಟಿದ್ದು ಆಹಾರದ ಕೊರತೆಯ ಕಾಲದಲ್ಲಿ. 1964ರಲ್ಲಿ ಎಲ್.ಕೆ. ಝಾ ಸಮಿತಿ ವರದಿ ಕೊಟ್ಟಿತು. 1965ರಲ್ಲಿ ಕೃಷಿ ಬೆಲೆ ಆಯೋಗವೂ ಭಾರತೀಯ ಆಹಾರ ನಿಗಮವೂ ಬಂದವು. ಆಯೋಗದ ಮೊದಲ ಅಧ್ಯಕ್ಷರು ಅರ್ಥಶಾಸ್ತ್ರಜ್ಞ ಎಂ.ಎಲ್. ದಾಂತವಾಲಾ. ಒಂದು ಸಂಸ್ಥೆ ಬೆಲೆ ಹೇಳುವುದು, ಇನ್ನೊಂದು ಕೊಳ್ಳುವುದು, ಈ ಜೋಡಿಯ ಮೇಲೆ ಎಲ್ಲವೂ ನಿಂತಿತ್ತು. ಮೊದಲ ವರ್ಷಗಳಲ್ಲಿ ಬೆಲೆಯೂ ಎರಡಿತ್ತು. ದರ ಬಿದ್ದರೆ ಹಿಡಿಯಲೆಂದು ಕನಿಷ್ಠ ಬೆಂಬಲ ಬೆಲೆ. ಪಡಿತರಕ್ಕಾಗಿ ಸರ್ಕಾರ ಕೊಳ್ಳುವಾಗ ಕೊಡುವುದು ಅದಕ್ಕಿಂತ ಮೇಲಿನ ಸಂಗ್ರಹಣಾ ಬೆಲೆ. ಎಪ್ಪತ್ತರ ದಶಕದಲ್ಲಿ ಈ ಎರಡೂ ಕಲಸಿಹೋಗಿ ಒಂದೇ ಆದವು. ಗೋಧಿ, ಭತ್ತದ ವಿಷಯದಲ್ಲಿ ಇದರಿಂದ ರೈತನಿಗೆ ನಷ್ಟವಾಗಲಿಲ್ಲ, ಏಕೆಂದರೆ ಪಂಜಾಬ್, ಹರಿಯಾಣಗಳಲ್ಲಿ ನಿಗಮ ನಿಜವಾಗಿಯೂ ಬಂದು ಕೊಂಡಿತು. ಬೇರೆ ಬೆಳೆಗಳ ಹೆಸರು ಪಟ್ಟಿಗೆ ಸೇರುತ್ತಾ ಹೋದಾಗ ಬೆಲೆ ಹೇಳುವ ಸಂಸ್ಥೆ ಮಾತ್ರ ಜೊತೆಗೆ ಬಂತು, ಕೊಳ್ಳುವ ಸಂಸ್ಥೆ ಅಷ್ಟಾಗಿ ಬರಲಿಲ್ಲ. ಇವತ್ತು ಪಟ್ಟಿಯಲ್ಲಿ 22 ಬೆಳೆಗಳಿವೆ. ಕಬ್ಬಿನ ಎಫ್‌ಆರ್‌ಪಿ ಇದರಿಂದ ಹೊರಗೆ: ಅದು ಕಾನೂನಿನ ಆದೇಶದಡಿ ನಿಗದಿಯಾಗುವ ದರ, ಕಾರ್ಖಾನೆ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ತೊಗರಿಯ ಬೆಂಬಲ ಬೆಲೆಗೆ ಅಂಥ ಕಾನೂನಿನ ಬಲವಿಲ್ಲ. ವ್ಯಾಪಾರಿ 6,500ಕ್ಕೆ ಕೊಂಡರೆ ಅದು ಅಪರಾಧವಲ್ಲ.

ಬೆಲೆ ಕಟ್ಟುವ ಬಗೆಯಲ್ಲೂ ದಶಕಗಳ ಜಗಳವಿದೆ. ರೈತ ಕೈಯಿಂದ ಕೊಟ್ಟ ಬೀಜ, ಗೊಬ್ಬರ, ಔಷಧಿ, ಕೂಲಿ, ಬಾಡಿಗೆ ಇತ್ಯಾದಿ ಖರ್ಚಿಗೆ ‘ಎ2’ ಎಂದು ಹೆಸರು. ಮನೆಯವರೇ ಹೊಲದಲ್ಲಿ ದುಡಿದದ್ದಕ್ಕೆ ಕೂಲಿ ಕಟ್ಟಿ ಸೇರಿಸಿದರೆ ‘ಎ2 ಜೊತೆಗೆ ಎಫ್‌ಎಲ್’. ಸ್ವಂತ ಜಮೀನಿನ ಗೇಣಿ, ಸ್ವಂತ ಬಂಡವಾಳದ ಬಡ್ಡಿಯನ್ನೂ ಸೇರಿಸಿದರೆ ‘ಸಿ2’. ಎಂ.ಎಸ್. ಸ್ವಾಮಿನಾಥನ್ ಅಧ್ಯಕ್ಷತೆಯ ರಾಷ್ಟ್ರೀಯ ರೈತ ಆಯೋಗ 2006ರಲ್ಲಿ ಉತ್ಪಾದನಾ ವೆಚ್ಚದ ಮೇಲೆ ಕನಿಷ್ಠ ಶೇ. 50 ಹೆಚ್ಚು ಕೊಡಿ ಎಂದಿತು. 2018ರ ಬಜೆಟ್ಟಿನಲ್ಲಿ ಕೇಂದ್ರ ಒಂದೂವರೆ ಪಟ್ಟಿನ ಸೂತ್ರ ಒಪ್ಪಿತು, ಆದರೆ ‘ಎ2 ಜೊತೆಗೆ ಎಫ್‌ಎಲ್’ ಮೇಲೆ. ರೈತ ಸಂಘಟನೆಗಳು ಕೇಳುವುದು ಸಿ2 ಮೇಲೆ. ‘ಸ್ವಾಮಿನಾಥನ್ ವರದಿ ಜಾರಿಯಾಗಿದೆ’, ‘ಜಾರಿಯಾಗಿಲ್ಲ’ ಎಂದು ಇಬ್ಬರು ನಾಯಕರು ಒಂದೇ ದಿನ ಹೇಳುವುದಕ್ಕೆ ಕಾರಣ ಇಷ್ಟೇ.

2025-26ರಲ್ಲಿ ತೊಗರಿಯ ವೆಚ್ಚವನ್ನು ಬೆಲೆ ಆಯೋಗ ಕ್ವಿಂಟಲ್‌ಗೆ 5,038 ರೂ. ಎಂದು ಲೆಕ್ಕ ಹಾಕಿತು. 8,000 ಅದರ ಮೇಲೆ ಶೇ. 59 ಹೆಚ್ಚು. ಈ ಶೇ. 59 ತನಗೆ ಸಿಗುವ ಲಾಭ ಎಂದು ಆಳಂದದ ರೈತ ತಿಳಿಯಬಾರದು. 5,038 ಎಂಬುದು ಹಲವು ರಾಜ್ಯಗಳ ವೆಚ್ಚದ ಸರಾಸರಿ. ಅಲ್ಲದೆ ಕ್ವಿಂಟಲ್ ವೆಚ್ಚ ಇಳುವರಿಯ ಮೇಲೆ ನಿಂತಿರುತ್ತದೆ. ಎಕರೆಗೆ 20,000 ಖರ್ಚು ಮಾಡಿ 4 ಕ್ವಿಂಟಲ್ ಬೆಳೆದವನಿಗೆ ಕ್ವಿಂಟಲ್ಲು 5,000ಕ್ಕೆ ಬೀಳುತ್ತದೆ. ಹೂ ಬಿಡುವಾಗ ಮಳೆ ಕೈಕೊಟ್ಟೋ ನೆಟೆ ರೋಗ ಬಂದೋ 2 ಕ್ವಿಂಟಲ್ ಬಂದರೆ ಅದೇ ಕ್ವಿಂಟಲ್ಲು 10,000. ಆಗ 8,000ದ ಬೆಂಬಲ ಬೆಲೆಯಲ್ಲೂ ನಷ್ಟವೇ. ಬೆಂಬಲ ಬೆಲೆ ಕಾಯುವುದು ದರವನ್ನು, ಬೆಳೆಯನ್ನಲ್ಲ. 2022ರ ಹಂಗಾಮಿನಲ್ಲಿ ಕಲಬುರಗಿ ಸೀಮೆಯಲ್ಲಿ ನೆಟೆ ರೋಗಕ್ಕೆ ತೊಗರಿ ನಿಂತಲ್ಲೇ ಒಣಗಿದಾಗ ರೈತರು ಬೆಂಬಲ ಬೆಲೆಯ ಮಾತು ಬಿಟ್ಟು ಪರಿಹಾರ ಕೇಳಿದ್ದು ಅದಕ್ಕೇ.

ತೊಗರಿಗೆ ಬೆಂಬಲ ಬೆಲೆಯ ಬೆಲೆ ಗೊತ್ತಾದದ್ದು 2016-17ರಲ್ಲಿ. ಅದರ ಹಿಂದಿನ ವರ್ಷ ಬರ. ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಆ ದರ ನೋಡಿ ರೈತರು ತೊಗರಿ ಬಿತ್ತಿದರು, ಮಳೆಯೂ ಬಂತು. ದೇಶದ ಉತ್ಪಾದನೆ 25.6 ಲಕ್ಷ ಟನ್‌ನಿಂದ 48.7 ಲಕ್ಷ ಟನ್‌ಗೆ ಏರಿತು. ಇತ್ತ ಕೊರತೆಯ ಭಯದಲ್ಲಿ ಸರ್ಕಾರ ಮೊಜಾಂಬಿಕ್ ಜೊತೆ ಐದು ವರ್ಷದ ಆಮದು ಒಪ್ಪಂದ ಮಾಡಿಕೊಂಡಿತ್ತು, ಹಡಗುಗಳು ಬರುತ್ತಲೇ ಇದ್ದವು. ಬೆಂಬಲ ಬೆಲೆ 5,050. ಕರ್ನಾಟಕ ಸರ್ಕಾರ ಅದರ ಮೇಲೆ 450 ಪ್ರೋತ್ಸಾಹ ಧನ ಕೊಟ್ಟು 5,500 ಮಾಡಿತು. ಮಾರುಕಟ್ಟೆಯ ದರ ಅದಕ್ಕಿಂತ ಸಾವಿರಕ್ಕೂ ಹೆಚ್ಚು ಕೆಳಗಿತ್ತು. ಖರೀದಿ ಕೇಂದ್ರಗಳ ಮುಂದೆ ಟ್ರಾಕ್ಟರುಗಳ ಸಾಲು, ಗೋಣಿಚೀಲದ ಕೊರತೆ, ಗೋದಾಮು ತುಂಬಿದ ಸುದ್ದಿ, ಇನ್ನೊಬ್ಬರ ಪಹಣಿ ತೋರಿಸಿ ವ್ಯಾಪಾರಿಗಳೇ ಮಾಲು ತಂದು ಹಾಕಿದ ಆರೋಪ, ಇವೆಲ್ಲ ಆ ವರ್ಷದವು. ಆಮದಿಗೆ ಮಿತಿ ಹಾಕಿದ್ದು 2017ರ ಆಗಸ್ಟ್‌ನಲ್ಲಿ, ಸಣ್ಣ ರೈತರು ಮಾರಿ ಮುಗಿಸಿದ ಮೇಲೆ.

ಇಂದಿನ ನಿಯಮಗಳು ಬಹುಪಾಲು ಆ ಗದ್ದಲದ ಮಕ್ಕಳು. 2018ರಲ್ಲಿ ಪಿಎಂ-ಆಶಾ ಯೋಜನೆ ಬಂತು. ಅದರಡಿ ಬೆಂಬಲ ಬೆಲೆ ಯೋಜನೆಯಲ್ಲಿ ನಾಫೆಡ್‌ನಂಥ ಸಂಸ್ಥೆ ರಾಜ್ಯದ ಮಾರುಕಟ್ಟೆ ಮಹಾಮಂಡಳ, ಸಹಕಾರ ಸಂಘಗಳ ಮೂಲಕ ಕೊಳ್ಳುತ್ತದೆ. ಸಾಮಾನ್ಯವಾಗಿ ರಾಜ್ಯದ ಉತ್ಪಾದನೆಯ ಶೇ. 25ರವರೆಗೆ ಮಾತ್ರ, ಅದೂ 90 ದಿನಗಳ ಅವಧಿಯಲ್ಲಿ. ತೊಗರಿ, ಉದ್ದು, ಮಸೂರಕ್ಕೆ ಈ ಶೇ. 25ರ ಮಿತಿಯನ್ನು ಈಚೆಗೆ ತೆಗೆದಿದ್ದಾರೆ. ಇನ್ನೊಂದು ದಾರಿ ವ್ಯತ್ಯಾಸದ ಹಣ ರೈತನ ಖಾತೆಗೆ ಹಾಕುವುದು. ಮಧ್ಯಪ್ರದೇಶ 2017ರಲ್ಲಿ ‘ಭಾವಾಂತರ’ ಹೆಸರಿನಲ್ಲಿ ಇದನ್ನು ಮಾಡಿ ನೋಡಿತು. ಹೇಗೂ ಸರ್ಕಾರ ತುಂಬಿಕೊಡುತ್ತದೆ ಎಂದು ವ್ಯಾಪಾರಿಗಳು ದರ ಇಳಿಸಿದರೆಂಬ ದೂರು ಆಗಲೇ ಎದ್ದಿತು. ಖರೀದಿಯಿಲ್ಲದ ಬೆಂಬಲ ಮಾರುಕಟ್ಟೆಯ ದರವನ್ನು ಮೇಲೆತ್ತಲಾರದು ಎಂಬುದು ನನ್ನ ಅಭಿಪ್ರಾಯ.

ಈಗ ರೈತನ ಮನೆಯ ಲೆಕ್ಕಕ್ಕೆ ಬರೋಣ. ಆಳಂದ ಕಡೆಯ ನಾಲ್ಕು ಎಕರೆಯ ಒಬ್ಬ ರೈತ ಎಂದಿಟ್ಟುಕೊಳ್ಳಿ. ಅಂಕಿಗಳು ಉದಾಹರಣೆಗೆ ಮಾತ್ರ. ಎಕರೆಗೆ 4ರಂತೆ 16 ಕ್ವಿಂಟಲ್ ತೊಗರಿ ರಾಶಿಯಾಯಿತು. ಈಚಿನ ಹಂಗಾಮುಗಳಲ್ಲಿ ರಾಜ್ಯದ ಖರೀದಿ ಮಿತಿ ಎಕರೆಗೆ 4 ಕ್ವಿಂಟಲ್, ಒಬ್ಬರಿಗೆ ಗರಿಷ್ಠ 40. ಹಾಗಾಗಿ ಅವನ ಮಾಲು ಮಿತಿಯೊಳಗಿದೆ. ಎಪಿಎಂಸಿಯಲ್ಲಿ ದರ 7,000. ಇವತ್ತೇ ಮಾರಿದರೆ 1,12,000 ರೂ. ಕೈಗೆ ಬರುತ್ತದೆ. ಖರೀದಿ ಕೇಂದ್ರದಲ್ಲಿ 8,000ದಂತೆ 1,28,000. ಮೇಲ್ನೋಟಕ್ಕೆ 16,000 ಹೆಚ್ಚು.

ಆದರೆ ಕೇಂದ್ರ ಕೇಳುವುದು ಎಫ್‌ಎಕ್ಯೂ ಗುಣಮಟ್ಟದ ಕಾಳು. ತೇವಾಂಶ ಶೇ. 12 ಮೀರಬಾರದು, ಕಸಕಡ್ಡಿ, ಜೊಳ್ಳು, ಹುಳು ಕಡಿದ ಕಾಳಿಗೂ ಮಿತಿ ಇದೆ. ಒಣಗಿಸಿ ಜರಡಿ ಹಿಡಿದಾಗ ಅರ್ಧ ಕ್ವಿಂಟಲ್ ಕಡಿಮೆಯಾಯಿತೆನ್ನಿ, ಉಳಿದ 15.5ಕ್ಕೆ 1,24,000. ಕೇಂದ್ರಕ್ಕೆ ಸಾಗಿಸಲು, ಹಮಾಲಿಗೆ, ಓಡಾಟಕ್ಕೆ ಹೆಚ್ಚುವರಿ 2,500. ನೋಂದಣಿ, ಸರದಿ, ತೂಕ ಎಲ್ಲ ಮುಗಿದು ಖಾತೆಗೆ ಹಣ ಬೀಳಲು ಎರಡು ತಿಂಗಳಾದರೆ, 60,000 ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡರಂತೆ ಬಡ್ಡಿ 2,400. ಉಳಿಯುವುದು 1,19,100. ಹದಿನಾರು ಸಾವಿರದ ಲಾಭ ಏಳು ಸಾವಿರಕ್ಕೆ ಇಳಿಯಿತು. ಈ 1,19,100ನ್ನು ಅವನ 16 ಕ್ವಿಂಟಲ್‌ಗೆ ಹಂಚಿದರೆ ಸುಮಾರು 7,440. ಈ ರೈತನ ಪಾಲಿಗೆ ಬೆಂಬಲ ಬೆಲೆ ಎಂದರೆ 8,000 ಅಲ್ಲ, 7,440. ಮಾರುಕಟ್ಟೆ ಅದಕ್ಕಿಂತ ಮೇಲಿದ್ದರೆ ಅವನು ಕೇಂದ್ರದ ಕಡೆ ತಿರುಗಿಯೂ ನೋಡುವುದಿಲ್ಲ. ‘ಬೆಂಬಲ ಬೆಲೆಗಿಂತ ಕಡಿಮೆಗೆ ಮಾರುತ್ತಿದ್ದರೂ ಕೇಂದ್ರಕ್ಕೆ ರೈತರಿಲ್ಲ’ ಎಂಬ ಸುದ್ದಿ ಓದಿ ರೈತರಿಗೆ ತಿಳಿವಳಿಕೆ ಇಲ್ಲ ಎನ್ನುವವರು ಈ ಲೆಕ್ಕ ಹಾಕಿರುವುದಿಲ್ಲ.

ಇನ್ನೂ ಒಂದು ತೊಡಕಿದೆ. ಅಡತಿ ಅಂಗಡಿಯಲ್ಲಿ ಬಿತ್ತನೆಗೆ ಮುಂಗಡ ತಂದವನು ಮಾಲನ್ನು ಬೇರೆಡೆಗೆ ಒಯ್ಯುವ ಸ್ಥಿತಿಯಲ್ಲೇ ಇರುವುದಿಲ್ಲ. ಲಾವಣಿಗೆ ಹೊಲ ಹಿಡಿದವನ ಹೆಸರು ಪಹಣಿಯಲ್ಲಿರುವುದಿಲ್ಲ. ನೋಂದಣಿ ನಡೆಯುವುದು ಜಮೀನಿನ ದಾಖಲೆಗೆ ಜೋಡಿಸಿದ ಎಫ್‌ಐಡಿ ಸಂಖ್ಯೆಯ ಮೇಲೆ. ಹಾಗಾಗಿ ಹೆಚ್ಚು ಆಸರೆ ಬೇಕಾದವನೇ ಹೊರಗುಳಿಯುತ್ತಾನೆ. ಶಾಂತಕುಮಾರ್ ಸಮಿತಿ 2015ರಲ್ಲಿ ದೇಶದ ಶೇ. 6ರಷ್ಟು ರೈತರು ಮಾತ್ರ ಬೆಂಬಲ ಬೆಲೆಗೆ ಮಾರುತ್ತಾರೆ ಎಂದಿತ್ತು.

ಹಾಗೆಂದು ಕೇಂದ್ರಕ್ಕೆ ಹೋಗದವನಿಗೆ ಇದರಿಂದ ಉಪಯೋಗವೇ ಇಲ್ಲ ಎನ್ನಲಾಗದು. ಹಂಗಾಮಿನ ಆರಂಭದಲ್ಲೇ ಕೇಂದ್ರ ತೆರೆದು ಒಳ್ಳೆಯ ಪ್ರಮಾಣದಲ್ಲಿ ಕೊಂಡರೆ ವ್ಯಾಪಾರಿಯೂ ದರ ಏರಿಸಲೇಬೇಕಾಗುತ್ತದೆ. ಆಗ ಮಾರುಕಟ್ಟೆಯಲ್ಲಿ ಮಾರಿದವನಿಗೂ ನಾಲ್ಕು ಕಾಸು ಹೆಚ್ಚು ಸಿಗುತ್ತದೆ. ತಡವಾಗಿ ತೆರೆದರೆ ಆ ಲಾಭ ಮಾಲು ಕೂಡಿಟ್ಟವರದ್ದು. ತೊಗರಿ ಡಿಸೆಂಬರಿನಿಂದಲೇ ಬರತೊಡಗುತ್ತದೆ. ಜನವರಿ ಕಳೆದು ಕೇಂದ್ರ ತೆರೆದರೆ ಸಾಲಗಾರನ ಕಣ ಬರಿದಾಗಿರುತ್ತದೆ. ಇದರೊಂದಿಗೆ ಆಮದು. 2021ರ ಮೇ ತಿಂಗಳಿಂದ ತೊಗರಿ ಆಮದು ಮುಕ್ತವಾಗಿದೆ, ಆ ಸಡಿಲಿಕೆಯನ್ನು ಮತ್ತೆ ಮತ್ತೆ ಮುಂದುವರಿಸಿದ್ದಾರೆ. ಇಳುವರಿ ಕುಸಿದ 2023-24ರಲ್ಲಿ ಬೆಂಬಲ ಬೆಲೆ 7,000 ಇದ್ದಾಗ ಮಾರುಕಟ್ಟೆ 9,000 ದಾಟಿತ್ತು, ಆಮದು ಬಾಧಿಸಲಿಲ್ಲ. ಬೆಳೆ ಚೆನ್ನಾಗಿ ಬಂದ ವರ್ಷ ಮಾತ್ರ ಅದೇ ಆದೇಶ ದರದ ಮೇಲೆ ಕೂರುತ್ತದೆ. ಒಂದು ಕೈಯಲ್ಲಿ ಬೆಂಬಲ ಬೆಲೆ ಹೆಚ್ಚಿಸಿ ಇನ್ನೊಂದು ಕೈಯಲ್ಲಿ ಬಂದರು ತೆರೆದಿಟ್ಟರೆ ಖರೀದಿಯ ಹೊರೆ ಬೀಳುವುದು ಸರ್ಕಾರದ ಬೊಕ್ಕಸದ ಮೇಲೆಯೇ.

2020-21ರ ದೆಹಲಿ ಚಳವಳಿಯ ನಂತರ ಕೃಷಿ ಕಾಯ್ದೆಗಳು ರದ್ದಾದವು, ಬೆಂಬಲ ಬೆಲೆ ಕುರಿತು 2022ರ ಜುಲೈನಲ್ಲಿ ಸಮಿತಿಯೂ ಆಯಿತು. ಕಾನೂನಿನ ಖಾತರಿ ಮಾತ್ರ ಬೇಡಿಕೆಯಾಗಿಯೇ ಉಳಿದಿದೆ. ಬದಲಾದದ್ದು ನೋಂದಣಿಯ ರೀತಿ: 2024ರಿಂದ ನಾಫೆಡ್‌ನ ಇ-ಸಮೃದ್ಧಿ ಪೋರ್ಟಲ್‌ನಲ್ಲಿ ತೊಗರಿ ಬೆಳೆಗಾರ ಮುಂಚಿತವಾಗಿ ಹೆಸರು ನೋಂದಾಯಿಸಬಹುದು.

ಬೆಳೆಗಾರರಿಗೆ ಒಂದು ಮಾತು. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ತೊಗರಿ ಹೊಲ ಹೆಸರೆಂದೋ ಪಾಳು ಎಂದೋ ದಾಖಲಾಗಿದ್ದರೆ ಖರೀದಿ ಕೇಂದ್ರದಲ್ಲಿ ನಿಮ್ಮ ಚೀಲ ಇಳಿಸಿಕೊಳ್ಳುವುದಿಲ್ಲ. ಆ ದಾಖಲೆಯನ್ನು ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದರೆ ಬೆಳೆ ಹೊಲದಲ್ಲಿ ನಿಂತಿರುವಾಗಲೇ ಆಕ್ಷೇಪಣೆ ಹಾಕಿ. ಕಟಾವಾದ ಮೇಲೆ ತೋರಿಸಲು ಏನೂ ಇರುವುದಿಲ್ಲ.