ಬುಕ್ಕರಾಯನ ಶಾಸನದಲ್ಲಿ ‘ಭಕ್ತರು’ ಯಾರು?

ಗದ್ಯಭಾಗವೊಂದನ್ನು ಕೊಟ್ಟು, ಅದರಲ್ಲಿ ಗೆರೆ ಎಳೆದ ಪದದ ಅರ್ಥವೇನೆಂದು ಕೇಳುವ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳು ಮರೆತಿರಲಾರರು. ಕಠಿಣ ಪದಕ್ಕೆ ಗೆರೆ ಎಳೆದಿದ್ದರೆ ಮಕ್ಕಳು ನಿಂತು ಯೋಚಿಸುತ್ತಾರೆ. ದಿನಬಳಕೆಯ ಪದಕ್ಕೆ ಎಳೆದಿದ್ದರೆ ಗದ್ಯವನ್ನು ಓದದೆಯೇ ಉತ್ತರ ಬರೆದುಬಿಡುತ್ತಾರೆ. ತಪ್ಪು ಹೆಚ್ಚಾಗಿ ಆಗುವುದು ಅಲ್ಲಿಯೇ. ಇತಿಹಾಸದ ಆಕರಗಳನ್ನು ಓದುವವರಿಗೂ ಇದೇ ಅಪಾಯವುಂಟು. ಅದಕ್ಕೆ ನಾನು ಕಂಡ ಅತ್ಯುತ್ತಮ ನಿದರ್ಶನ ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಕ್ರಿ.ಶ. 1368ರ ಶಾಸನ.

ವಿಜಯನಗರದ ಒಂದನೆಯ ಬುಕ್ಕರಾಯನ ಕಾಲದಲ್ಲಿ ಜೈನರಿಗೂ ‘ಭಕ್ತ’ರಿಗೂ ‘ಸಂವಾಜ’ ಉಂಟಾಯಿತೆಂದು ಅದು ಹೇಳುತ್ತದೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಜೈನರು, ಭಕ್ತರು ತಮಗೆ ಮಾಡುತ್ತಿರುವ ಅನ್ಯಾಯಗಳನ್ನು ಅರಸನಲ್ಲಿ ಬಿನ್ನವಿಸಿಕೊಂಡರು. ‘ಸಂವಾಜ’ ನಮಗೆ ಅಪರಿಚಿತ ಪದ. ಆದರೆ ಅದರಿಂದ ತೊಂದರೆಯಿಲ್ಲ. ದೂರಿನ ಸಂದರ್ಭವನ್ನು ನೋಡಿದೊಡನೆ ವಿವಾದವೆಂದು ತಿಳಿಯುತ್ತದೆ. ತೊಂದರೆ ಕೊಡುವುದು ‘ಭಕ್ತರು’.

ಇದನ್ನೇ ಪ್ರಶ್ನೆಯಾಗಿಸೋಣ. ನಾಲ್ಕು ಆಯ್ಕೆಗಳು: ದೇವರಲ್ಲಿ ಭಕ್ತಿಯುಳ್ಳವರು, ಶಿವಶರಣರು, ಶ್ರೀವೈಷ್ಣವರು, ಜೈನ ಶ್ರಾವಕರು. ಮೊದಲನೆಯದು ಎಲ್ಲರಿಗೂ ಗೊತ್ತಿರುವ ಅರ್ಥ; ಇಂತಹ ಪ್ರಶ್ನೆಗಳಲ್ಲಿ ಬಲೆಯನ್ನು ಒಡ್ಡುವುದು ಸಾಮಾನ್ಯವಾಗಿ ಅಲ್ಲಿಯೇ. ಅದನ್ನು ವಾಕ್ಯದಲ್ಲಿಟ್ಟು ಓದಿ ನೋಡಿ: ಜೈನರಿಗೂ ದೇವರಲ್ಲಿ ಭಕ್ತಿಯುಳ್ಳವರಿಗೂ ಜಗಳ. ಹಾಗಾದರೆ ಜೈನರಿಗೆ ಭಕ್ತಿಯಿಲ್ಲವೆಂದಾಯಿತು! ವ್ಯಾಜ್ಯದಲ್ಲಿ ಎರಡು ಪಕ್ಷಗಳಿರಬೇಕು, ಒಂದು ಪಕ್ಷ ಜೈನರದು. ಆದ್ದರಿಂದ ನಾಲ್ಕನೆಯ ಆಯ್ಕೆಯೂ ಬಿತ್ತು. ಎರಡನೆಯದು ಜಾಣ ವಿದ್ಯಾರ್ಥಿಗಾಗಿಯೇ ಒಡ್ಡಿದ ಬಲೆ. ವಚನಗಳನ್ನು ಓದಿದವನಿಗೆ ಭಕ್ತನೆಂದರೆ ಶಿವಭಕ್ತನೇ. ವಾಕ್ಯಕ್ಕೆ ಅದು ಹೊಂದಿಕೊಳ್ಳುತ್ತದೆ ಕೂಡ. ಇಲ್ಲಿ ಒಂದು ವಾಕ್ಯ ಸಾಲದು, ಮುಂದಕ್ಕೆ ಓದಬೇಕು. ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟನೆಂದೂ, ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದನೆಂದೂ ಶಾಸನ ಮುಂದುವರಿಯುತ್ತದೆ. ರಾಜಿಯಾದದ್ದು ಯಾರೊಡನೆಯೋ ವ್ಯಾಜ್ಯವಿದ್ದದ್ದೂ ಅವರೊಡನೆಯೇ. ಬೇರೊಂದು ಗ್ರಂಥದಿಂದ ತಂದ ತಿಳಿವಳಿಕೆಗಿಂತ ಕಣ್ಣೆದುರಿನ ಗದ್ಯದ ಮಾತೇ ಇಲ್ಲಿ ಪ್ರಮಾಣ. (‘ದರ್ಶನ’ವೂ ದೇವರ ದರ್ಶನವಲ್ಲ, ಮತವೆಂಬ ಅರ್ಥದ್ದು ಎಂಬುದನ್ನು ನೀವೇ ಗಮನಿಸಿರುತ್ತೀರಿ.)

ಈ ಪದವೊಂದನ್ನು ತಪ್ಪಾಗಿ ಓದಿದರೆ ಹೋಗುವುದು ಒಂದು ಅಂಕವಷ್ಟೇ ಅಲ್ಲ. ಹದಿನಾಲ್ಕನೆಯ ಶತಮಾನದ ಒಂದು ಮತೀಯ ಕಲಹದಲ್ಲಿ ಆಪಾದನೆಯೇ ಬೇರೊಂದು ಪಂಥದವರ ಮೇಲೆ ಬೀಳುತ್ತದೆ.

ಅದೇ ಶಾಸನದಲ್ಲಿ ಬುಕ್ಕನಿಗಿರುವ ಬಿರುದನ್ನೂ ನೋಡಿ: ‘ಭಾಷೆಗೆ ತಪ್ಪುವ ರಾಯರ ಗಂಡ’. ಇಂದಿನ ಅರ್ಥದಲ್ಲಿ ಓದಿದರೆ ವ್ಯಾಕರಣ ತಪ್ಪುವ ಅರಸರ ಪತಿ ಎಂದಾದೀತು. ತರಗತಿಯಲ್ಲಿ ನಗು ತಡೆಯುವುದು ಕಷ್ಟ. ಆದರೆ ಸುಳಿವು ‘ತಪ್ಪುವ’ ಎಂಬ ಕ್ರಿಯೆಯಲ್ಲಿಯೇ ಇದೆ. ಕನ್ನಡದಲ್ಲಿ ನಾವು ಮಾತಿಗೆ ತಪ್ಪುತ್ತೇವೆ, ವಚನಕ್ಕೆ ತಪ್ಪುತ್ತೇವೆ. ಆದ್ದರಿಂದ ಭಾಷೆ ಇಲ್ಲಿ ಕೊಟ್ಟ ಮಾತು. ಪುಣ್ಯಕೋಟಿಯ ಗೋವಿನ ಹಾಡನ್ನು ಬಲ್ಲವರಿಗೆ ಈ ಅರ್ಥ ಹೊಸದೇನಲ್ಲ. ಶಾಸನದ ಗಾಂಭೀರ್ಯ ಕಂಡು ಅದು ನೆನಪಿಗೆ ಬರುವುದಿಲ್ಲ, ಅಷ್ಟೆ. ಇನ್ನು ‘ಗಂಡ’. ಅದರ ಹಿಂದೆಯೇ ‘ಅರಿರಾಯ ವಿಭಾಡ’, ಎಂದರೆ ಶತ್ರುರಾಜರನ್ನು ಧ್ವಂಸ ಮಾಡುವವನು, ಎಂಬ ಬಿರುದು ಬಂದಿದೆ. ನೆರೆಯ ಪದದ ಗುಣ ಇದಕ್ಕೂ ಅನ್ವಯಿಸುತ್ತದೆ: ಗಂಡನೆಂದರೆ ಅಡಗಿಸುವ ಶೂರ. ಗಂಡೆದೆ, ಗಂಡುಗಲಿ ಎಂಬ ಮಾತುಗಳಲ್ಲಿ ಆ ಹಳೆಯ ಛಾಯೆ ಇಂದಿಗೂ ಉಳಿದಿದೆ.

ಕೊನೆಯದು ‘ಹಣ’, ನನ್ನ ಮಟ್ಟಿಗೆ ಎಲ್ಲಕ್ಕಿಂತ ಜಾರುವ ಪದ. ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಅದರಿಂದ ಬೆಳಗೊಳದ ದೇವರ ಅಂಗರಕ್ಷಣೆಗೆ ವೈಷ್ಣವರು ಇಪ್ಪತ್ತು ಆಳುಗಳನ್ನಿಡಬೇಕು. ಮಿಕ್ಕದ್ದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಇಲ್ಲಿ ದುಡ್ಡೆಂದು ಓದಿದರೂ ವಾಕ್ಯ ಮುರಿಯುವುದಿಲ್ಲ, ಹಾಗಾಗಿ ಸಂಶಯವೇ ಹುಟ್ಟುವುದಿಲ್ಲ. ಎಚ್ಚರಿಸಬೇಕಾದದ್ದು ಹಿಂದಿರುವ ‘ಒಂದು’. ನಾವು ಅಂಗಡಿಯಲ್ಲಿ ಒಂದು ರೂಪಾಯಿ ಕೊಡುತ್ತೇವೆಯೇ ಹೊರತು ಒಂದು ಹಣ ಕೊಡುವುದಿಲ್ಲ. ಎಣಿಕೆಗೆ ಬರುವ ಹಣವೆಂದರೆ ಅದು ನಾಣ್ಯವೊಂದರ ಹೆಸರು: ಚಿನ್ನದ ಪುಟ್ಟ ನಾಣ್ಯ, ಸಾಮಾನ್ಯವಾಗಿ ಹತ್ತು ಸೇರಿದರೆ ಒಂದು ವರಹ. ಹಾಗೆ ಓದಿದಾಗಲೇ, ಆ ರಾಜಿಗಾಗಿ ಪ್ರತಿಯೊಂದು ಜೈನ ಮನೆಯವರು ವರ್ಷವರ್ಷವೂ ತೆರಬೇಕಾಗಿದ್ದುದು ಇಷ್ಟೆಂದು ಗೊತ್ತುಮಾಡಿದ ಚಿನ್ನವೆಂಬುದು ಕಾಣುತ್ತದೆ.