ಕೊಡ್ರಿ, ಬಿಡ್ರಿ, ನೋಡ್ರಿ: ಅಣ್ಣಿಗೇರಿ ಭಾಗದ ಕೆಲಸದ ಸಂದೇಶಗಳಲ್ಲಿ ಮೆದುತನ ಮತ್ತು ಬೇಡಿಕೆಯ ಸ್ಪಷ್ಟತೆ

ಸಹೋದ್ಯೋಗಿಗೆ ಬರೆದ ಒರಟು ಸಂದೇಶವನ್ನು ಮೆದುಗೊಳಿಸಲು ಹೊರಟಾಗ ಕೇಳಬೇಕಾದ ಕೆಲಸವೇ ಮಸುಕಾಗಿಬಿಡುವುದು ಸಾಮಾನ್ಯ. ಇದನ್ನು ಬರೆಯುವವರ ಸ್ವಭಾವದ ದೋಷವೆಂದು ತಿಳಿಯುವ ರೂಢಿಯಿದೆ. ಆದರೆ ಕನ್ನಡದಲ್ಲಿ, ಅದರಲ್ಲೂ ಧಾರವಾಡ ಸೀಮೆಯ ಕನ್ನಡದಲ್ಲಿ, ಇದಕ್ಕೆ ವ್ಯಾಕರಣದೊಳಗೇ ಕಾರಣಗಳಿವೆ. ಈ ಭಾಷೆಯ ಮೆದುಗೊಳಿಸುವ ಸಾಧನಗಳಲ್ಲಿ ಕೆಲವು ಬೇಡಿಕೆಯನ್ನು ಮುಟ್ಟದೆ ಸಂಬಂಧವನ್ನಷ್ಟೇ ಮೆದುಗೊಳಿಸುತ್ತವೆ. ಇನ್ನು ಕೆಲವು ನೇರವಾಗಿ ಬೇಡಿಕೆಯ ಅಳತೆ, ಗಡುವು, ಹೊಣೆಗಳ ಮೇಲೆಯೇ ಕೈಯಿಡುತ್ತವೆ. ಎರಡೂ ಒಂದೇ ಬಗೆಯ ಸೌಜನ್ಯದಂತೆ ಕಾಣುವುದರಿಂದ ಬರೆಯುವವರಿಗೆ ವ್ಯತ್ಯಾಸ ಹೊಳೆಯುವುದಿಲ್ಲ. ಈ ವ್ಯತ್ಯಾಸವನ್ನು ಅಣ್ಣಿಗೇರಿ ಭಾಗದ ಬಳಕೆಯ ಆಧಾರದ ಮೇಲೆ ಗುರುತಿಸುವುದು ಈ ಲೇಖನದ ಉದ್ದೇಶ.

ಅಣ್ಣಿಗೇರಿಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ನವಲಗುಂದ ತಾಲೂಕಿನಿಂದ ಬೇರ್ಪಟ್ಟು ಹೊಸ ತಾಲೂಕಾದ ಈ ಊರಿನಲ್ಲಿ ಕಚೇರಿ, ಸಹಕಾರಿ ಸಂಘ, ಶಾಲೆಗಳ ಕೆಲಸ ಬಹುಮಟ್ಟಿಗೆ ಒಬ್ಬರನ್ನೊಬ್ಬರು ಬಲ್ಲವರ ನಡುವೆಯೇ ನಡೆಯುತ್ತದೆ. ಮುಂಜಾನೆ ಪಟ್ಟಿ ಕೇಳಿದವರು ಸಂಜೆ ಅದನ್ನು ಕೊಡಬೇಕಾದವರ ಪಕ್ಕದಲ್ಲಿಯೇ ಮದುವೆಯ ಪಂಕ್ತಿಯಲ್ಲಿ ಕೂರುತ್ತಾರೆ. ಹೀಗಾಗಿ ಮಾತು ಕಡಿಯದಂತೆ ಕೇಳುವ ಒತ್ತಡ ಇಲ್ಲಿ ಹೆಚ್ಚು. ಮಾತಿನ ಕೆಲಸವೆಲ್ಲ ವಾಟ್ಸಾಪಿಗೆ ಸರಿದ ಮೇಲೆ ದನಿಯ ಏರಿಳಿತ ಹೇಳುತ್ತಿದ್ದುದನ್ನು ಬರಹವೇ ಹೇಳಬೇಕಾಗಿದೆ.

ಒಂದು ಸಂದರ್ಭವನ್ನು ಹಿಡಿದು ನೋಡೋಣ. ಬೆಂಬಲ ಬೆಲೆಯಲ್ಲಿ ಕಡಲೆ ಖರೀದಿಸುವ ಹಂಗಾಮಿನಲ್ಲಿ ರೈತರ ನೋಂದಣಿ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳಲ್ಲಿ ನಡೆಯುತ್ತದೆ. ಅದಕ್ಕೆ ರೈತರ ಎಫ್‌ಐಡಿ ಸಂಖ್ಯೆ ಬೇಕು. ಸಂಘದ ಒಬ್ಬ ಗುಮಾಸ್ತರು ಹಳ್ಳಿಯಿಂದ ಸಂಖ್ಯೆಗಳನ್ನು ಕೂಡಿಸಬೇಕು, ಇನ್ನೊಬ್ಬರು ಅವನ್ನು ಕಂಪ್ಯೂಟರಿಗೆ ಹಾಕಬೇಕು. ಸಂಖ್ಯೆಗಳು ಬಂದಿಲ್ಲ. ಕೆಳಗಿನ ಮೂರು ಸಂದೇಶಗಳನ್ನು ವಿಶ್ಲೇಷಣೆಗಾಗಿ ನಾನೇ ಕಟ್ಟಿದ್ದೇನೆ. ಆ ಭಾಗದವರಿಗೆ ಇವುಗಳ ಧಾಟಿ ಹೊಸದಲ್ಲ.

ಮೊದಲನೆಯದು: “ಪಟ್ಟಿ ಇನ್ನೂ ಕಳಿಸಿಲ್ಲ. ಎಷ್ಟ ಸಲ ಹೇಳಬೇಕ್ರಿ ನಿಮಗ? ತಕ್ಷಣ ಕಳಿಸ್ರಿ.”

ಇದು ಒರಟು. ಆದರೆ ಒರಟಾದ ಮಾತ್ರಕ್ಕೆ ಸ್ಪಷ್ಟವೆಂದು ನಂಬುವುದು ತಪ್ಪು. ಯಾವ ಪಟ್ಟಿ? ಪೂರ್ತಿ ಪಟ್ಟಿಯೋ, ಉಳಿದ ಹೆಸರುಗಳಷ್ಟೋ? ‘ತಕ್ಷಣ’ ಎಂದರೆ ಈ ಗಳಿಗೆಯೋ, ಇವತ್ತಿನೊಳಗೋ? ಸಿಟ್ಟು ಮಾತ್ರ ಖಚಿತವಾಗಿದೆ, ಕೆಲಸ ಖಚಿತವಾಗಿಲ್ಲ. ಓದಿದವರು ‘ಎಷ್ಟ ಸಲ’ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಾರೆ, ತಾವು ಹಿಂದೆ ಎರಡು ಸಲ ಕಳಿಸಿದ್ದನ್ನು ನೆನಪಿಸುತ್ತಾರೆ. ಸಂಖ್ಯೆಗಳು ಅಲ್ಲಿಯೇ ಉಳಿಯುತ್ತವೆ.

ಎರಡನೆಯದು: “ಅಣ್ಣಾರ, ಗದ್ಲದಾಗ ಇರತೀರಿ, ಗೊತ್ತೈತ್ರಿ. ಆ ಪಟ್ಟೀದು ಸ್ವಲ್ಪ ನೋಡ್ರಿ. ಆದಷ್ಟ ಲಗೂ ಮುಗಸೂಣು. ಇರಲಿ ಬಿಡ್ರಿ, ನಿಮ್ಮ ಅನುಕೂಲ ನೋಡಿಕೊಂಡು.”

ಇಲ್ಲಿ ಪ್ರತಿ ಪದವೂ ಗೌರವದ್ದು. ಆದರೂ ಬೇಡಿಕೆ ನಾಲ್ಕು ಕಡೆ ಸೋರಿದೆ. ಒಂದೊಂದನ್ನೂ ಹತ್ತಿರದಿಂದ ನೋಡುವುದು ಅಗತ್ಯ.

‘ಸ್ವಲ್ಪ’ ಎಂಬುದು ಆಡುಮಾತಿನಲ್ಲಿ ಅಳತೆಯ ಪದವಾಗಿಯೂ ವಿನಯದ ಪದವಾಗಿಯೂ ನಡೆಯುತ್ತದೆ. “ಸ್ವಲ್ಪ ಬಾಗಿಲಾ ತಗೀರಿ” ಎಂದರೆ ಯಾರೂ ಬಾಗಿಲನ್ನು ಅರ್ಧ ತೆಗೆಯುವುದಿಲ್ಲ. ತೆಗೆಯುವುದು ಒಂದೇ ಏಟಿಗೆ ಮುಗಿಯುವ ಕೆಲಸವಾದ್ದರಿಂದ ಅಲ್ಲಿ ಗೊಂದಲವಿಲ್ಲ. ಆದರೆ ‘ಪಟ್ಟಿ ನೋಡುವುದು’ ಅಳೆಯಬಹುದಾದ ಕೆಲಸ. ಅದನ್ನು ಸ್ವಲ್ಪವೂ ನೋಡಬಹುದು, ಪೂರ್ತಿಯೂ ನೋಡಬಹುದು. ಆದ್ದರಿಂದ ಅಳೆಯಬಹುದಾದ ಕ್ರಿಯಾಪದದ ಎದುರು ‘ಸ್ವಲ್ಪ’ ಬಂದರೆ ಓದುಗರು ಅದನ್ನು ಅಳತೆಯೆಂದೇ ತಿಳಿಯಲು ಎಡೆಯಾಗುತ್ತದೆ.

‘ಮುಗಸೂಣು’ ಎಂಬುದರ ತೊಂದರೆ ಇನ್ನೂ ಆಳವಾದದ್ದು. ಕೇಳುವವರನ್ನು ಒಳಗೊಂಡ ‘ನಾವು’ ಮತ್ತು ಅವರನ್ನು ಬಿಟ್ಟ ‘ನಾವು’ ಎಂಬ ಭೇದ ತಮಿಳಿನಲ್ಲಿ ನಾಮ್–ನಾಂಗಳ್ ಎಂದೂ ತೆಲುಗಿನಲ್ಲಿ ಮನಮು–ಮೇಮು ಎಂದೂ ಇದೆ. ಇಂದಿನ ಕನ್ನಡದಲ್ಲಿ ಇರುವುದು ಒಂದೇ ‘ನಾವು’. ‘-ಓಣ’ ಪ್ರತ್ಯಯ ಇಬ್ಬರನ್ನೂ ಕೂಡಿಸಿಕೊಳ್ಳುವುದು ನಿಜ. ಆದರೆ ಕೆಲಸದ ಯಾವ ಭಾಗ ಯಾರದು ಎಂಬುದನ್ನು ಅದು ಹೇಳುವುದಿಲ್ಲ. ಬರೆದವರ ಮನಸ್ಸಿನಲ್ಲಿ ‘ನೀವು ಕಳಿಸಿರಿ, ನಾನು ಹಾಕುತ್ತೇನೆ’ ಎಂದಿದ್ದರೂ ಓದುವವರಿಗೆ ‘ಯಾವಾಗಲಾದರೂ ಕೂಡಿ ಕೂತು ಮಾಡೋಣ’ ಎಂದು ತಲುಪಬಹುದು. ಆಪ್ತತೆಗಾಗಿ ಬಂದ ಈ ರೂಪ ಹೊಣೆಯ ಹೆಸರನ್ನು ಅಳಿಸಿಹಾಕುತ್ತದೆ.

ಕಚೇರಿ ಕನ್ನಡದ ‘ಕ್ರಮ ಕೈಗೊಳ್ಳಬೇಕಾಗಿದೆ’, ‘ಗಮನಕ್ಕೆ ತರಲಾಗಿದೆ’ ಎಂಬ ರೂಪಗಳಲ್ಲೂ ಇದೇ ದೋಷವಿದೆ. ಅವುಗಳ ಗಾಂಭೀರ್ಯದ ಹಿಂದೆ ಮಾಡುವವರು ಕಾಣೆಯಾಗಿರುತ್ತಾರೆ.

ಇನ್ನು ಶೀರ್ಷಿಕೆಯಲ್ಲಿರುವ ಮೂರು ಸಹಾಯಕ ಕ್ರಿಯಾಪದಗಳು. ನನ್ನ ವಾದದ ತಿರುಳು ಇರುವುದು ಇವುಗಳಲ್ಲಿಯೇ. ‘ಕಳಿಸ್ರಿ’ ಎಂಬುದು ಗೌರವದ ಆಜ್ಞಾರ್ಥ. ‘ಕಳಿಸಿ ಕೊಡ್ರಿ’ ಎಂದಾಗ ಕೆಲಸದ ಫಲ ಕೇಳಿದವರಿಗೆ ಸಲ್ಲುತ್ತದೆ ಎಂಬ ಅರ್ಥ ಸೇರುತ್ತದೆ. ಅಪ್ಪಣೆ ಉಪಕಾರವಾಗುತ್ತದೆ, ಆದರೆ ಕಳಿಸುವುದು ಕಳಿಸುವುದಾಗಿಯೇ ಉಳಿಯುತ್ತದೆ. ‘ಕಳಿಸಿ ಬಿಡ್ರಿ’ ಎಂದಾಗ ಕೆಲಸ ಪೂರ್ತಿಯಾಗಬೇಕು ಎಂಬ ಅರ್ಥ ಸೇರುತ್ತದೆ. ಜೊತೆಗೆ ಅದು ಹಗುರವಾದದ್ದು, ಒಂದು ಸಲ ಮಾಡಿ ಕೈತೊಳೆದುಕೊಳ್ಳಬಹುದಾದದ್ದು ಎಂಬ ಭಾವವೂ ಬರುತ್ತದೆ. ಮೆದುತನವೂ ಖಚಿತತೆಯೂ ಒಂದೇ ಪದದಲ್ಲಿ ಹೀಗೆ ಕೂಡಿಬರುವುದು ಅಪರೂಪ. ಆದರೆ ‘ಕಳಿಸಿ ನೋಡ್ರಿ’ ಎಂದರೆ ಪ್ರಯತ್ನವಷ್ಟೇ ಕೇಳಿದಂತೆ. ‘ಪಟ್ಟೀದು ನೋಡ್ರಿ’ ಎಂದರೆ ಪ್ರಯತ್ನವನ್ನೂ ಕೇಳಿಲ್ಲ, ಕಣ್ಣಾಡಿಸಲು ಹೇಳಿದಂತೆ. ‘ನೋಡ್ತೀನ್ರಿ’ ಎಂಬ ಉತ್ತರವೂ ಅಷ್ಟೇ. ಅದರಲ್ಲಿ ಒಪ್ಪಿಗೆಯೂ ಇಲ್ಲ, ನಿರಾಕರಣೆಯೂ ಇಲ್ಲ.

‘ಬಿಡು’ ಕೂಡ ಎಲ್ಲ ಕಡೆಯೂ ಒಳ್ಳೆಯದಲ್ಲ. ಮುಖ್ಯ ಕ್ರಿಯೆಗೆ ಅಂಟಿ ಬಂದರೆ ಅದು ಕೆಲಸವನ್ನು ಮುಗಿಸುತ್ತದೆ, ‘ಇರಲಿ ಬಿಡ್ರಿ’ ಎಂದು ಬಿಡಿಯಾಗಿ ಬಂದರೆ ಬೇಡಿಕೆಯನ್ನೇ ಮುಗಿಸುತ್ತದೆ. ಎರಡನೆಯ ಸಂದೇಶದ ಕೊನೆಯ ವಾಕ್ಯ ಮಾಡಿರುವುದು ಅದನ್ನೇ. ಕೇಳಿದ ಸಂಕೋಚಕ್ಕೆ ಬರೆದವರು ತಾವು ಕೇಳಿದ್ದನ್ನು ತಾವೇ ಹಿಂದಕ್ಕೆ ತೆಗೆದುಕೊಂಡಿದ್ದಾರೆ.

ಮೂರನೆಯದು: “ಅಣ್ಣಾರ, ಕಡಲಿ ನೋಂದಣ್ಯಾಗ 14 ಮಂದಿ ಎಫ್‌ಐಡಿ ಇನ್ನೂ ನನಗ ಸಿಕ್ಕಿಲ್ರಿ. ನಾಳೆ ಗುರುವಾರ ಮುಂಜಾನೆ 11ರೊಳಗ ಆ 14 ನಂಬರ್ ಇಲ್ಲೇ ವಾಟ್ಸಾಪಿಗೆ ಕಳಿಸಿ ಕೊಡ್ರಿ. ಮಧ್ಯಾಹ್ನ ನಾ ಕಂಪ್ಯೂಟರಿಗೆ ಹಾಕತೇನಿ. ಯಾರದರ ನಂಬರ್ ಸಿಗಲಿಲ್ಲಂದ್ರ ಹೆಸರಷ್ಟ ಹೇಳ್ರಿ, ನಾನ ಫೋನ್ ಹಚ್ಚತೇನಿ.”

ಇಲ್ಲಿಯೂ ಮೆದುತನ ಧಾರಾಳವಾಗಿದೆ, ಆದರೆ ಅದು ಕೂತಿರುವ ಜಾಗ ಬೇರೆ. ‘ನೀವು ಕಳಿಸಿಲ್ಲ’ ಎಂಬುದು ‘ನನಗ ಸಿಕ್ಕಿಲ್ರಿ’ ಎಂದಾಗಿದೆ. ಕನ್ನಡದ ಚತುರ್ಥೀ ವಿಭಕ್ತಿ ಇಲ್ಲಿ ದೊಡ್ಡ ಉಪಕಾರ ಮಾಡುತ್ತದೆ: ವಾಸ್ತವ ಬದಲಾಗದೆ ಆರೋಪ ಮಾತ್ರ ಕಳಚುತ್ತದೆ. ಬಹುಶಃ ಅವರು ಕಳಿಸಿದ್ದು ಬೇರೆ ನಂಬರಿಗೆ ಹೋಗಿರಬಹುದು ಎಂಬುದಕ್ಕೂ ಜಾಗ ಉಳಿಯುತ್ತದೆ. ಗಡುವಿಗೆ ಕಾರಣ ಬಂದಿದೆ, ಹೀಗಾಗಿ 11 ಗಂಟೆ ಎಂಬುದು ಹಟವೆನಿಸುವುದಿಲ್ಲ. ಕೊನೆಯ ವಾಕ್ಯ ತಪ್ಪಿಸಿಕೊಳ್ಳುವ ದಾರಿಯನ್ನೂ ಕೊಟ್ಟಿದೆ, ಆದರೆ ಆ ದಾರಿಯೂ ಖಚಿತ: ನಂಬರ್ ಇಲ್ಲದಿದ್ದರೆ ಹೆಸರು. ಎರಡನೆಯ ಸಂದೇಶದ ‘ನಿಮ್ಮ ಅನುಕೂಲ ನೋಡಿಕೊಂಡು’ ಎಂಬ ಬಾಗಿಲು ಮೌನದೊಳಗೆ ತೆರೆಯುತ್ತದೆ, ಇದು ಇನ್ನೊಂದು ಉತ್ತರದೊಳಗೆ ತೆರೆಯುತ್ತದೆ. ಯಾರು, ಏನು, ಎಷ್ಟು, ಯಾವಾಗ ಎಂಬ ನಾಲ್ಕರ ಮೇಲೆ ಒಂದೂ ಮೆದುಗೊಳಿಸುವ ಪದ ಬಿದ್ದಿಲ್ಲ.

ವಿನಯವೆಂದರೆ ಸುತ್ತುಬಳಸು ಎಂಬ ತಿಳಿವಳಿಕೆಯನ್ನು ಭಾಷಾವಿಜ್ಞಾನವೂ ಪ್ರಶ್ನಿಸಿದೆ. ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್‌ಸನ್ ಅವರ ವಿನಯ ಸಿದ್ಧಾಂತದಲ್ಲಿ (ತಮಿಳು ಅವರ ಮೂರು ಆಧಾರ ಭಾಷೆಗಳಲ್ಲಿ ಒಂದು) ಮಾತು ಪರೋಕ್ಷವಾದಷ್ಟೂ ಎದುರಿನವರ ಮುಖಭಂಗದ ಅಪಾಯ ಕಡಿಮೆಯಾಗುತ್ತದೆ. ಆದರೆ 1987ರಲ್ಲಿ ಶೋಶನಾ ಬ್ಲಮ್-ಕುಲ್ಕಾ ಹೀಬ್ರೂ ಮತ್ತು ಇಂಗ್ಲಿಷ್ ಭಾಷಿಕರಿಂದ ಕೋರಿಕೆಗಳನ್ನು ತೂಗಿಸಿದಾಗ, ಬರಿಯ ಸೂಚನೆಯ ಮಾತಿಗೆ ವಿನಯದ ಮೊದಲ ಸ್ಥಾನ ಸಿಗಲಿಲ್ಲ. ರೂಢಿಯಲ್ಲಿರುವ ವಿನಯರೂಪದಲ್ಲಿ ಕೇಳಿದ್ದಕ್ಕೆ ಆ ಸ್ಥಾನ ಸಿಕ್ಕಿತು. ಕೇಳುವವರೇ ಅರ್ಥ ಊಹಿಸಬೇಕಾದರೆ ಅದೂ ಅವರ ಮೇಲೆ ಹೊರಿಸಿದ ಹೊರೆಯೇ ಎಂಬುದು ಅವರ ವಿವರಣೆ. ಕನ್ನಡದ ‘ಕಳಿಸಿ ಕೊಡ್ರಿ’ ಅಂಥ ರೂಢಿಯ ರೂಪವೆಂದು ನಾನು ಭಾವಿಸುತ್ತೇನೆ. ‘ಪಟ್ಟೀದು ಏನಾತೋ ಏನೋ’ ಎಂಬುದು ಊಹೆಯ ಹೊರೆ.

ಈ ಹೊರೆ ಎಷ್ಟು ಭಾರವಾಗಬಹುದು ಎಂಬುದಕ್ಕೆ ವಿಮಾನಯಾನದ ದಾಖಲೆಗಳು ಸಾಕ್ಷಿ. 1990ರ ಜನವರಿ 25ರಂದು ನ್ಯೂಯಾರ್ಕಿನ ಸಮೀಪ ಏವಿಯಾಂಕಾ 52 ವಿಮಾನ ಇಂಧನ ಮುಗಿದು ಬಿದ್ದು 73 ಜನ ಸತ್ತರು. ಸಿಬ್ಬಂದಿ ನಿಯಂತ್ರಣ ಕೇಂದ್ರಕ್ಕೆ ಇಂಧನ ಮುಗಿಯುತ್ತಿದೆ ಎಂದು ಹೇಳಿದ್ದರು, ಆದ್ಯತೆ ಕೇಳಿದ್ದರು. ಆದರೆ ತುರ್ತು ಪರಿಸ್ಥಿತಿ ಎಂದು ಘೋಷಿಸುವ ನಿಗದಿತ ಪದವನ್ನು ಬಳಸಲಿಲ್ಲ. ಸಂಗತಿ ಹೇಳಿದ್ದರೂ ಬೇಡಿಕೆಯ ತುರ್ತನ್ನು ಹೇಳಿರಲಿಲ್ಲ. ಅದಕ್ಕೂ ಮೊದಲೇ, 1988ರಲ್ಲಿ, ಷಾರ್ಲಟ್ ಲಿಂಡ್ ವಿಮಾನದೊಳಗಿನ ಮಾತುಕತೆಗಳನ್ನು ಪರಿಶೀಲಿಸಿ, ಕೈಕೆಳಗಿನವರ ಮೆದುಗೊಳಿಸಿದ ಸಲಹೆಗಳು ಜಾರಿಗೆ ಬರುವುದು ಕಡಿಮೆ ಎಂದು ತೋರಿಸಿದ್ದರು. ಕಡಲೆ ನೋಂದಣಿಯಲ್ಲಿ ಜೀವ ಹೋಗುವುದಿಲ್ಲ. ಆದರೆ ದಿನ ಮೀರಿದರೆ ಆ 14 ರೈತರು ಬೆಂಬಲ ಬೆಲೆಗೆ ಹೊರಗಾಗಿ, ಮಾರುಕಟ್ಟೆಯಲ್ಲಿ ಬಂದ ಬೆಲೆಗೆ ಚೀಲ ಬಿಚ್ಚಬೇಕಾಗುತ್ತದೆ.

ಈ ವಿಂಗಡಣೆಗೆ ಮಿತಿಗಳಿವೆ. ‘ರಿ’ ಎಂಬ ಗೌರವದ ಗುರುತು ಎಲ್ಲ ಕಡೆಯೂ ಮೆದುಗೊಳಿಸುವುದಿಲ್ಲ. ದಿನವೂ ‘ಕಳಸೋ ಮಾರಾಯ’ ಎನ್ನುವ ಗೆಳೆಯ ಒಂದು ದಿನ ‘ಕಳಿಸಿ ಕೊಡ್ರಿ’ ಎಂದು ಬರೆದರೆ ಅದು ದೂರ ಸರಿದ ಸೂಚನೆ. ಅಲ್ಲಿ ಏಕವಚನವೇ ಮೆದು. ಹಾಗೆಯೇ ಹತ್ತಾರು ಜನರ ಗುಂಪಿನಲ್ಲಿ ಹಾಕಿದ ಸಂದೇಶವನ್ನು ಯಾವ ಸಹಾಯಕ ಕ್ರಿಯಾಪದವೂ ಉಳಿಸಲಾರದು. 14 ಎಂಬ ಅಂಕಿ ಇಬ್ಬರ ನಡುವೆ ಲೆಕ್ಕ, ಗುಂಪಿನಲ್ಲಿ ಅದು ಬಹಿರಂಗ ದೂರು.

ಕಳಿಸುವ ಮೊದಲು ಪರೀಕ್ಷಿಸಲು ಒಂದು ದಾರಿಯಿದೆ. ಸಂದೇಶದಿಂದ ಸಂಬೋಧನೆ, ಕಾರಣ, ‘ಸ್ವಲ್ಪ’, ‘ದಯವಿಟ್ಟು’ಗಳನ್ನು ತೆಗೆದು ಉಳಿದದ್ದನ್ನು ಆ ಕೆಲಸದ ಸುದ್ದಿಯೇ ಗೊತ್ತಿಲ್ಲದ ಮೂರನೆಯವರಿಗೆ ಓದಿಸಬೇಕು. ಯಾರು, ಏನು, ಎಷ್ಟು, ಯಾವಾಗ ಎಂದು ಅವರು ಹೇಳಬಲ್ಲರೆ ಬೇಡಿಕೆ ಉಳಿದಿದೆ. ಎರಡನೆಯ ಸಂದೇಶದಿಂದ ಇವನ್ನೆಲ್ಲ ತೆಗೆದರೆ ಉಳಿಯುವುದು ‘ಆ ಪಟ್ಟೀದು ನೋಡ್ರಿ’ ಎಂಬ ಮಾತು, ಯಾರದೆಂದು ತಿಳಿಯದ ಒಂದು ‘ಮುಗಸೂಣು’ ಮತ್ತು ಬೇಡಿಕೆಯನ್ನೇ ಹಿಂದಕ್ಕೆ ತೆಗೆದುಕೊಳ್ಳುವ ‘ಇರಲಿ ಬಿಡ್ರಿ’.

ಕಳಿಸಿದ ಮೇಲಿನ ಪರೀಕ್ಷೆ ಉತ್ತರದಲ್ಲಿದೆ. ಮೂರನೆಯ ಸಂದೇಶಕ್ಕೂ “ನೋಡ್ತೀನ್ರಿ” ಎಂದು ಬರಬಹುದು. ಆಗ ದನಿ ಏರಿಸದೆ, ಹಾಗೆಂದು ಸುಮ್ಮನಾಗದೆ, ಮತ್ತೆ ಕೇಳಲು ಈ ಭಾಗದ ಮಾತಿನಲ್ಲಿಯೇ ದಾರಿಯಿದೆ: “ಆತ್ರಿ ಅಣ್ಣಾರ. ಹಂಗಾರ 11ಕ್ಕ ಬರತಾವಂತ ಬರಕೊಳ್ಳಲೇನ್ರಿ?” ಇದಕ್ಕೆ ‘ನೋಡ್ತೀನಿ’ ಎಂದು ಮತ್ತೆ ಉತ್ತರಿಸಲು ಬರುವುದಿಲ್ಲ. ‘ಬರಕೊಳ್ರಿ’ ಎನ್ನಬೇಕು, ಇಲ್ಲವೇ ‘11ಕ್ಕ ಆಗಂಗಿಲ್ರಿ, ಹನ್ನೆರಡಾಗತೈತಿ’ ಎನ್ನಬೇಕು. ಎರಡರಲ್ಲಿ ಯಾವುದು ಬಂದರೂ ಕಂಪ್ಯೂಟರಿನ ಮುಂದೆ ಕೂತವರಿಗೆ ಮಧ್ಯಾಹ್ನದ ಕೆಲಸ ಗೊತ್ತಾಗುತ್ತದೆ.