ನಡುವೆ ಸಿಕ್ಕಿಕೊಂಡವನ ಗತಿ

ಪುಣ್ಯವಂತರಿಗೆ ಸ್ವರ್ಗ, ದುಷ್ಟರಿಗೆ ನರಕ. ಇಷ್ಟರಮಟ್ಟಿಗೆ ಕ್ರೈಸ್ತ, ಇಸ್ಲಾಂ ಧರ್ಮಗಳೆರಡೂ ಒಂದೇ. ತೊಡಕಿರುವುದು ದೇವರನ್ನು ನಂಬಿಯೂ ತಪ್ಪು ಮಾಡಿದ ಸಾಮಾನ್ಯ ಮನುಷ್ಯನ ವಿಷಯದಲ್ಲಿ.

ಕ್ಯಾಥೊಲಿಕರು ಅವನಿಗಾಗಿ ಮೂರನೆಯ ನೆಲೆಯೊಂದನ್ನು ಹೇಳುತ್ತಾರೆ: ಪರ್ಗಟರಿ, ಅಂದರೆ ಶುದ್ಧೀಕರಣ ಸ್ಥಳ. ಅಲ್ಲಿಗೆ ಹೋದವನಿಗೆ ಸ್ವರ್ಗ ಖಚಿತ. ಆದರೆ ಮೊದಲು ಕೊಳೆ ಕಳೆಯಬೇಕು. ಬದುಕಿರುವವರ ಪ್ರಾರ್ಥನೆ, ಬಲಿಪೂಜೆ ಅವನಿಗೆ ನೆರವಾಗುತ್ತವೆ. ನವೆಂಬರ್ 2ರಂದು ಸಮಾಧಿಗಳ ಬಳಿ ಮೇಣದಬತ್ತಿ ಹಚ್ಚಿ ಪ್ರಾರ್ಥಿಸುವುದು ಇದೇ ನಂಬಿಕೆಯಿಂದ. ವಿಚಿತ್ರವೆಂದರೆ, ಈ ಹೆಸರು ಬೈಬಲಿನಲ್ಲಿಲ್ಲ. ಅದು ಸ್ಥಳನಾಮವಾಗಿ ಬಳಕೆಗೆ ಬಂದದ್ದು 12ನೇ ಶತಮಾನದ ಕೊನೆಯಲ್ಲಿ ಎಂದು ಫ್ರೆಂಚ್ ಇತಿಹಾಸಕಾರ ಜಾಕ್ ಲ ಗಾಫ್ ವಾದಿಸಿದರು. ಅಲ್ಲಿನ ಶಿಕ್ಷೆ ತಗ್ಗಿಸುವ ಕ್ಷಮಾಪತ್ರಗಳ ಮಾರಾಟವನ್ನು 1517ರಲ್ಲಿ ಲೂಥರ್ ಪ್ರಶ್ನಿಸಿದ. ಪ್ರೊಟೆಸ್ಟೆಂಟರು ಮುಂದೆ ಆ ಸ್ಥಳವನ್ನೇ ಕೈಬಿಟ್ಟರು.

ಇಸ್ಲಾಮಿನಲ್ಲೂ ಸ್ವರ್ಗ ನರಕಗಳ ನಡುವೆ ‘ಅಅರಾಫ್’ ಎಂಬ ಎತ್ತರದ ಜಾಗವುಂಟು. ಕುರ್‌ಆನಿನ 7ನೇ ಅಧ್ಯಾಯಕ್ಕೆ ಅದರದೇ ಹೆಸರು. ಪಾಪಪುಣ್ಯಗಳು ಸರಿಸಮವಾದವರು ಅಲ್ಲಿ ಕಾಯುತ್ತಾರೆ ಎನ್ನುವ ವ್ಯಾಖ್ಯಾನಕಾರರು ಹಲವರು. ಆದರೆ ಇದು ಪರ್ಗಟರಿಯಲ್ಲ. ಕಾಯುವುದುಂಟು, ಕೊಳೆ ಕಳೆಯುವುದಿಲ್ಲ. ಸುನ್ನಿ ಪಂಡಿತರ ಪ್ರಕಾರ ಆ ಕೆಲಸ ನಡೆಯುವುದು ನರಕದಲ್ಲೇ. ದೇವರು ಮೊದಲೇ ಕ್ಷಮಿಸದಿದ್ದರೆ, ಪಾಪಿಯಾದ ವಿಶ್ವಾಸಿ ಅಲ್ಲಿ ಶಿಕ್ಷೆ ಅನುಭವಿಸಿ, ಪ್ರವಾದಿಯ ಶಿಫಾರಸಿನಿಂದ ಕೊನೆಗೆ ಹೊರಬರುತ್ತಾನೆ. ಕ್ಯಾಥೊಲಿಕರ ನರಕಕ್ಕೆ ಇಂಥ ಹೊರಬಾಗಿಲಿಲ್ಲ. ಇಸ್ಲಾಮಿನೊಳಗೇ ಮುಅತಜಿಲಾ ಪಂಥದವರು ಇದನ್ನು ಒಪ್ಪಲಿಲ್ಲ: ಮಹಾಪಾಪ ಮಾಡಿ ಪಶ್ಚಾತ್ತಾಪಪಡದೆ ಸತ್ತವನು ಒಮ್ಮೆ ಒಳಹೊಕ್ಕರೆ ಮುಗಿಯಿತು ಎಂದರು.